ಒತ್ತಿದರೂ ಮಾಸದ ನೇರಳೆ ಚುಕ್ಕೆ: ಜ್ವರದ ಜೊತೆ ಕಂಡರೆ ಬೆಳಗಿನವರೆಗೆ ಕಾಯುವಂತಿಲ್ಲ

ಜ್ವರ ಬಂದ ಮಕ್ಕಳ ಮೈಮೇಲೆ ಏಳುವ ದದ್ದುಗಳಲ್ಲಿ ಬಹುಪಾಲು ವೈರಾಣುಗಳಿಂದ ಬಂದವು; ಅವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಬೆರಳಿನಿಂದಲೋ ಗಾಜಿನಿಂದಲೋ ಒತ್ತಿದಾಗಲೂ ಬಣ್ಣ ಕಳೆದುಕೊಳ್ಳದೆ ಹಾಗೆಯೇ ಉಳಿಯುವ, ಕಡುಗೆಂಪು ಅಥವಾ ನೇರಳೆ ಬಣ್ಣದ ಚುಕ್ಕೆಗಳನ್ನು ಈ ಗುಂಪಿಗೆ ಸೇರಿದವೆಂದು ಭಾವಿಸುವಂತಿಲ್ಲ. ಸಾಮಾನ್ಯ ದದ್ದಿನ ಕೆಂಪು ಬಣ್ಣಕ್ಕೆ ಚರ್ಮದ ಕೆಳಗಿನ ಕಿರುರಕ್ತನಾಳಗಳು ಹಿಗ್ಗಿರುವುದು ಕಾರಣವಾದ್ದರಿಂದ, ಒತ್ತಿದ ಕೂಡಲೇ ರಕ್ತವು ನಾಳದೊಳಗೆ ಅತ್ತಿತ್ತ ಸರಿದು ಆ ಜಾಗ ಬಿಳಿಚುತ್ತದೆ. ನೇರಳೆ ಚುಕ್ಕೆಯಲ್ಲಿ ರಕ್ತವು ನಾಳದಿಂದ ಹೊರಬಂದು ಚರ್ಮದಲ್ಲೇ ನಿಂತುಬಿಟ್ಟಿರುವುದರಿಂದ ಎಷ್ಟು ಒತ್ತಿದರೂ ಅದಕ್ಕೆ ಸರಿಯಲು ದಾರಿಯಿರುವುದಿಲ್ಲ. ಗುಂಡುಸೂಜಿಯ ತಲೆಯಷ್ಟಿರುವ ಇಂಥ ಚುಕ್ಕೆಗಳನ್ನು ವೈದ್ಯರು ಪಿಟೀಕಿಯೆ ಎಂದೂ ಅದಕ್ಕಿಂತ ಹಿರಿದಾಗಿ ಹರಡಿದ ಕಲೆಗಳನ್ನು ಪರ್ಪುರಾ ಎಂದೂ ಕರೆಯುತ್ತಾರೆ.

ಜ್ವರದ ನಡುವೆ ನಾಳಗಳಿಂದ ರಕ್ತ ಸೋರುವುದಕ್ಕೆ ಹಲವು ಕಾರಣಗಳಿದ್ದು, ಅವುಗಳಲ್ಲಿ ಅತ್ಯಂತ ವೇಗವಾಗಿ ಕೊಲ್ಲುವುದು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ರಕ್ತನಂಜು. ಹತ್ತರಲ್ಲಿ ಒಬ್ಬರಷ್ಟು ಜನರ ಗಂಟಲಲ್ಲಿ ಯಾವ ತೊಂದರೆಯನ್ನೂ ಮಾಡದೆ ನೆಲೆಸಿರಬಲ್ಲ ಈ ಜೀವಿ ಅಪರೂಪಕ್ಕೆ ರಕ್ತಕ್ಕೆ ನುಗ್ಗುತ್ತದೆ. ಆಗ ಅದು ಬಿಡುವ ವಿಷವು ಕಿರುನಾಳಗಳ ಒಳಪದರವನ್ನು ಹಾಳುಮಾಡಿ, ಒಂದೆಡೆ ರಕ್ತ ಸೋರುವಂತೆಯೂ ಇನ್ನೊಂದೆಡೆ ನಾಳದೊಳಗೇ ಹೆಪ್ಪುಗಟ್ಟುವಂತೆಯೂ ಮಾಡುತ್ತದೆ. ದೆಹಲಿಯಲ್ಲಿ 1985ರಲ್ಲೂ 2005ರಲ್ಲೂ, ಮೇಘಾಲಯ ಮತ್ತು ತ್ರಿಪುರಾಗಳಲ್ಲಿ 2008-09ರಲ್ಲೂ ಇದು ಸಾಂಕ್ರಾಮಿಕವಾಗಿ ಹಬ್ಬಿತ್ತು. ಬಳ್ಳಾರಿಯ ಸೀಮೆಯಲ್ಲಿ ಇದಕ್ಕಿಂತ ಹೆಚ್ಚಾಗಿ ಎದುರಾಗುವುದು ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಕುಗ್ಗಿಸುವ ಡೆಂಗಿ, ಮತ್ತು ಉಣ್ಣಿ ಅಥವಾ ಉಣುಗಿನ ಕಡಿತದಿಂದ ಬರುವ, ರಿಕೆಟ್ಸಿಯಾ ಗುಂಪಿನ ಚುಕ್ಕೆಜ್ವರ. ಈ ಮೂರರಲ್ಲಿ ಯಾವುದೆಂದು ಮನೆಯಲ್ಲಿ ನಿರ್ಧರಿಸಲು ಸಾಧ್ಯವಿಲ್ಲ, ಮೂರರಲ್ಲೂ ಪ್ರಾಣಾಪಾಯವಿದೆ. ಆದಕಾರಣ ಮನೆಯವರು ಅತ್ಯಂತ ಕೆಟ್ಟದ್ದನ್ನೇ ಊಹಿಸಿಕೊಂಡು ಹೊರಡುವುದು ವಿವೇಕ.

ಮೊದಲ ಗಂಟೆಗಳ ಲಕ್ಷಣ

ಬಳ್ಳಾರಿ ನಗರದ ಮಗ್ಗುಲಲ್ಲಿರುವ ಹಲಕುಂದಿಯ ಒಂದು ಮನೆಯಲ್ಲಿ, ಹದಿನಾರು ಕಿಲೋ ತೂಕದ ನಾಲ್ಕು ವರ್ಷದ ಮಗುವಿಗೆ ಸಂಜೆ ಏಳರ ಹೊತ್ತಿಗೆ ಜ್ವರ ಬಂದಿತೆಂದು ಇಟ್ಟುಕೊಳ್ಳಬಹುದು. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ ಮೇಲೆ ಮೈ ಬಿಸಿ ತುಸು ಇಳಿಯುತ್ತದೆ, ಆದರೂ ಮಗು ಕಾಲು ನೋವೆಂದು ಅಳುತ್ತದೆ, ನಿಲ್ಲಲು ಒಪ್ಪುವುದಿಲ್ಲ. ಹೊಟ್ಟೆ ಕೆಂಡದಂತಿದ್ದರೂ ಅಂಗೈ ಅಂಗಾಲುಗಳು ತಣ್ಣಗಿರುತ್ತವೆ. ಬ್ರಿಟನ್ನಿನಲ್ಲಿ ಮೆನಿಂಗೊಕಾಕಸ್ ರೋಗಕ್ಕೆ ತುತ್ತಾದ 448 ಮಕ್ಕಳ ವಿವರಗಳನ್ನು ಕಲೆಹಾಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಕಾಲು ನೋವು, ತಣ್ಣನೆಯ ಕೈಕಾಲು, ಬದಲಾದ ಮೈಬಣ್ಣ ಈ ಮೂರನ್ನೇ ರಕ್ತನಂಜಿನ ಮೊದಲ ಸೂಚನೆಗಳೆಂದು ಗುರುತಿಸಿತು. ಅವು ಸರಾಸರಿ ಎಂಟು ಗಂಟೆಗಳ ಹೊತ್ತಿಗೇ ಕಾಣಿಸಿಕೊಂಡಿದ್ದರೂ ಮಕ್ಕಳು ಆಸ್ಪತ್ರೆ ಸೇರಿದ್ದು ಸುಮಾರು ಹತ್ತೊಂಬತ್ತು ಗಂಟೆಗಳ ಮೇಲೆ ಎಂಬುದು ಆ ಅಧ್ಯಯನದ ಅತ್ಯಂತ ನೋವಿನ ಅಂಶ. ಚುಕ್ಕೆಗಳು ಬರುವುದು ಇವೆಲ್ಲದರ ನಂತರ. ಕತ್ತು ಬಿಗಿಯುವುದು ಮಿದುಳಿನ ಪೊರೆಗೆ ಸೋಂಕು ತಗುಲಿದಾಗಿನ ಲಕ್ಷಣವೇ ಹೊರತು ರಕ್ತನಂಜಿನದಲ್ಲ. ಆದುದರಿಂದ ಕತ್ತು ಸಡಿಲವಾಗಿದೆ ಎಂಬ ಕಾರಣಕ್ಕೆ ಸಮಾಧಾನ ಪಡುವಂತಿಲ್ಲ.

ಗಾಜಿನ ಪರೀಕ್ಷೆ

ರಾತ್ರಿ ಎರಡರ ಹೊತ್ತಿಗೆ ಮಗುವಿನ ಹೊಟ್ಟೆಯ ಮೇಲೆ ಸೊಳ್ಳೆ ಕಚ್ಚಿದಂತಹ ಕೆಲವು ಚುಕ್ಕೆಗಳು ಕಂಡರೆ, ಮೊದಲು ಟ್ಯೂಬ್‌ಲೈಟ್ ಹಾಕಿ, ಮೊಬೈಲಿನ ಟಾರ್ಚನ್ನೂ ಹಿಡಿದು, ಮಗುವಿನ ಬಟ್ಟೆಯನ್ನೆಲ್ಲ ತೆಗೆದು ಮೈಯನ್ನು ಪೂರ್ತಿ ನೋಡಬೇಕು. ಚಡ್ಡಿಯ ಎಲಾಸ್ಟಿಕ್ಕಿನ ಅಡಿ ಮತ್ತು ಕಾಲುಚೀಲದ ಒಳಗೆ ಅವಿತಿರುವ ಚುಕ್ಕೆಗಳು ತಪ್ಪಿಹೋಗುವುದು ಸಾಮಾನ್ಯ. ನಮ್ಮ ಮನೆಗಳ ಸ್ಟೀಲ್ ಲೋಟ ಈ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ನೇರ ಬದಿಯ ಗಾಜಿನ ಲೋಟವನ್ನು, ಅದೂ ಇಲ್ಲದಿದ್ದರೆ ಶಾಲೆಯ ಮಕ್ಕಳ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಬಳಸಬಹುದು. ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಚರ್ಮ ಬಿಳಿಚುವಷ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಒತ್ತಿದಂತೆಯೇ ಗಾಜಿನ ಮೂಲಕ ನೋಡಬೇಕು. ಸುತ್ತಲಿನ ಚರ್ಮ ಬಿಳಿಚಿದರೂ ಚುಕ್ಕೆ ಮಾತ್ರ ಸ್ಪಷ್ಟವಾಗಿ ಉಳಿದರೆ ಅದು ಮಾಸದ ಚುಕ್ಕೆ. ಒಂದೇ ಜಾಗಕ್ಕೆ ತೃಪ್ತಿಪಡದೆ ಮೂರು ನಾಲ್ಕು ಕಡೆ ಪರೀಕ್ಷಿಸಬೇಕು, ಏಕೆಂದರೆ ಮಾಸುವ ಮತ್ತು ಮಾಸದ ಚುಕ್ಕೆಗಳು ಒಂದೇ ಮೈಮೇಲೆ ಬೆರೆತಿರಬಹುದು.

ಈ ಪರೀಕ್ಷೆಯನ್ನು ಜನಪ್ರಿಯಗೊಳಿಸಿದ ದೇಶಗಳ ಚಿತ್ರಗಳಲ್ಲಿ ಕಾಣುವುದು ಬಿಳಿ ಚರ್ಮದ ಮೇಲಿನ ಕಡುನೇರಳೆ ಕಲೆಗಳು. ಬಿಸಿಲ ನಾಡಿನ ಕಪ್ಪು ಮತ್ತು ಗೋಧಿ ಬಣ್ಣದ ಮೈಮೇಲೆ ಅದೇ ಕಲೆ ಕೇವಲ ಮಸುಕಾದ ಕಂದು ಚುಕ್ಕೆಯಂತೆ ಕಾಣಬಹುದು ಅಥವಾ ಕಾಣದೆಯೇ ಹೋಗಬಹುದು. ಅದಕ್ಕಾಗಿ ಚರ್ಮದ ಬಣ್ಣ ತಿಳಿಯಾಗಿರುವ ಜಾಗಗಳನ್ನು ಹುಡುಕಬೇಕು: ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದಾಗ ಕಾಣುವ ಒಳಭಾಗ, ಬಾಯಿ ತೆರೆಸಿ ಟಾರ್ಚು ಹಿಡಿದರೆ ಕಾಣುವ ಅಂಗುಳು, ಅಂಗೈ, ಅಂಗಾಲು. ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ ಎಂಬುದರಿಂದ ಈ ನಾಲ್ಕು ಜಾಗಗಳನ್ನು ಬಿಡದೆ ನೋಡುವುದು ಲೋಟದ ಪರೀಕ್ಷೆಯಷ್ಟೇ ಮುಖ್ಯ. ಜೊತೆಗೆ, ಕಂಡ ಚುಕ್ಕೆಗಳ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆಯನ್ನು ಬರೆದರೆ, ಆಸ್ಪತ್ರೆ ತಲುಪುವಷ್ಟರಲ್ಲಿ ಗೆರೆಯ ಹೊರಗೆ ಹೊಸವು ಎಷ್ಟು ಎದ್ದಿವೆ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಗೆರೆ ಎಳೆಯುವುದು ದಾರಿಯಲ್ಲಿ ಗಮನಿಸುವುದಕ್ಕೇ ಹೊರತು ಮನೆಯಲ್ಲಿ ಕುಳಿತು ಕಾಯುವುದಕ್ಕಲ್ಲ.

ಪರೀಕ್ಷೆಗೊಂದು ಮಿತಿಯೂ ಇದೆ. ರಕ್ತನಂಜಿನ ಆರಂಭದ ದದ್ದು ಕೆಲವೊಮ್ಮೆ ಒತ್ತಿದಾಗ ಮಾಸುತ್ತದೆ, ಕೆಲವು ಮಕ್ಕಳಲ್ಲಿ ದದ್ದೇ ಬರುವುದಿಲ್ಲ. ಮಗು ಮಂಕಾಗಿದ್ದು, ಎಬ್ಬಿಸಿದರೂ ಸರಿಯಾಗಿ ಏಳದೆ, ಉಸಿರು ವೇಗವಾಗಿ ಆಡುತ್ತಿದ್ದರೆ ಚುಕ್ಕೆ ಮಾಸಿತೆಂಬ ಕಾರಣಕ್ಕೆ ಉಳಿದುಕೊಳ್ಳಬಾರದು.

ಮನೆಯಲ್ಲಿ ಮಾಡಬಾರದ್ದು

ಜ್ವರದ ಜೊತೆ ಮೈಮೇಲೆ ಏನಾದರೂ ಎದ್ದರೆ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಹಾಸಿ, ಔಷಧಿ ನಿಲ್ಲಿಸಿ, ಮಗುವನ್ನು ಹೊರಗೆ ಕರೆದೊಯ್ಯದೆ ಇಡುವ ಪದ್ಧತಿ ಈ ಭಾಗದ ಹಳ್ಳಿಗಳಲ್ಲಿ ಇನ್ನೂ ಉಂಟು. ಆ ನಂಬಿಕೆಯವರೊಂದಿಗೆ ವಾದಕ್ಕಿಳಿದು ಹೊತ್ತು ಕಳೆಯುವ ಬದಲು, ದಡಾರದ ಹೊಸ ದದ್ದು ಒತ್ತಿದಾಗ ಮಾಸುತ್ತದೆ, ಇದು ಮಾಸುತ್ತಿಲ್ಲ ಎಂಬುದನ್ನು ಮನೆಯ ಹಿರಿಯರಿಗೇ ಲೋಟದ ಮೂಲಕ ತೋರಿಸುವುದು ಹೆಚ್ಚು ಫಲ ಕೊಡುತ್ತದೆ. ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೊಫಿನಾಕ್ ಇಂಜೆಕ್ಷನ್‌ಗಳು ಡೆಂಗಿಯಲ್ಲಿ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ, ಜ್ವರ ಬೇಗ ಇಳಿಯಲಿ ಎಂದು ಅವನ್ನು ಕೇಳಿ ಹಾಕಿಸಿಕೊಳ್ಳಬಾರದು. ಪ್ಲೇಟ್‌ಲೆಟ್ ಎಣಿಕೆಯ ವರದಿ ಬರಲಿ, ಆಮೇಲೆ ನೋಡೋಣ ಎಂದು ಲ್ಯಾಬಿನ ಮುಂದೆ ಕಾಯುವುದೂ ತಪ್ಪೇ, ಏಕೆಂದರೆ ರಕ್ತನಂಜಿನ ಮೊದಲ ಗಂಟೆಗಳಲ್ಲಿ ಆ ಎಣಿಕೆ ಸರಿಯಾಗಿಯೇ ಇರಬಹುದು.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

108ಕ್ಕೆ ಕರೆ ಮಾಡಿದಾಗ ಮಗುವಿಗೆ ಜ್ವರ ಎಂದಷ್ಟೇ ಹೇಳಿದರೆ ವಿಷಯದ ತೀವ್ರತೆ ತಿಳಿಯುವುದಿಲ್ಲ. ಜ್ವರದ ಜೊತೆ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳಿವೆ, ಮಗು ಮಂಕಾಗಿದೆ, ಇಷ್ಟು ಗಂಟೆಗೆ ಶುರುವಾಯಿತು ಎಂಬ ಮೂರು ಸಂಗತಿಗಳನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. ಹಲಕುಂದಿಯಿಂದಾದರೆ ನಡುವೆ ಎಲ್ಲಿಯೂ ನಿಲ್ಲದೆ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ, ಅಂದರೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ, ಹೋಗುವುದು ಸರಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಆಟೋ ಅಥವಾ ಕಾರಿನಲ್ಲಿಯೇ ಹೊರಡಬೇಕು. ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮೀರಿದ ದೂರದಲ್ಲಿರುವ ಸಿರುಗುಪ್ಪದವರ ಲೆಕ್ಕ ಬೇರೆ. ಅವರು ಮೊದಲು ಅಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸೆಫ್ಟ್ರಯಾಕ್ಸೋನ್ ಎಂಬ ಪ್ರತಿಜೀವಕದ ಮೊದಲ ಇಂಜೆಕ್ಷನ್ ಕೊಡುವ ಬಗ್ಗೆ ವೈದ್ಯರನ್ನು ಕೇಳಿ, ನಂತರ ಬಳ್ಳಾರಿಗೆ ಸಾಗುವುದು ಲೇಸು, ಏಕೆಂದರೆ ಔಷಧಿಯಿಲ್ಲದೆ ದಾರಿಯಲ್ಲಿ ಕಳೆಯುವ ಒಂದು ಗಂಟೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತಲೇ ಹೋಗುತ್ತದೆ. ಕುರುಗೋಡಿನವರು ಇವೆರಡರ ನಡುವೆ ಇದ್ದು, ವಾಹನ ಸಿದ್ಧವಿದ್ದರೆ ನೇರ ಬಳ್ಳಾರಿಗೆ, ಇಲ್ಲದಿದ್ದರೆ ವಾಹನ ಬರುವವರೆಗೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭಿಸುವುದು ಸೂಕ್ತ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ರಕ್ತನಾಳಕ್ಕೆ ಸೂಜಿ ಹಾಕಿ, ತಡವಾಗದಿದ್ದರೆ ರಕ್ತದ ಮಾದರಿ ತೆಗೆದುಕೊಂಡು, ಕೂಡಲೇ ಸೆಫ್ಟ್ರಯಾಕ್ಸೋನ್ ಕೊಡಲಾಗುತ್ತದೆ. ಕಿಲೋ ತೂಕಕ್ಕೆ 80ರಿಂದ 100 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಮೇಲಿನ ಮಗುವಿಗೆ ಅದು ಸುಮಾರು ಒಂದೂವರೆ ಗ್ರಾಂ ಆಗುತ್ತದೆ. ಎದೆಯ ನಡುವೆ ಐದು ಸೆಕೆಂಡು ಒತ್ತಿ ಬಿಟ್ಟಾಗ ಎರಡು ಮೂರು ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ ರಕ್ತಸಂಚಾರ ಕುಸಿಯುತ್ತಿದೆ ಎಂದು ತಿಳಿದು ಸಲೈನನ್ನು ಅಳತೆ ಮಾಡಿ ಏರಿಸಲಾಗುತ್ತದೆ.

ರೋಗ ಯಾವುದೆಂದು ಬೇರ್ಪಡಿಸಲು ಮನೆಯವರು ಕೊಡುವ ಎರಡು ಮಾಹಿತಿಗಳು ಬಹಳ ನೆರವಾಗುತ್ತವೆ. ಮೊದಲನೆಯದು ಜ್ವರದ ದಿನ: ಮೊದಲ ದಿನವೇ ಚುಕ್ಕೆ ಬಂದು ಗಂಟೆಗಂಟೆಗೂ ಹರಡುತ್ತಿದ್ದರೆ ಶಂಕೆ ಮೆನಿಂಗೊಕಾಕಸ್ ಕಡೆಗೆ, ಡೆಂಗಿಯಲ್ಲಿ ಚುಕ್ಕೆ ಮತ್ತು ರಕ್ತಸ್ರಾವ ಸಾಮಾನ್ಯವಾಗಿ ಮೂರನೆಯ ದಿನದ ಮೇಲೆ, ಜ್ವರ ಇಳಿಯುವ ಹೊತ್ತಿಗೆ ಕಾಣುತ್ತವೆ. ಆದ್ದರಿಂದ ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಹೊಟ್ಟೆನೋವು, ಬಿಡದ ವಾಂತಿ ಇದ್ದರೆ ಅದನ್ನು ಗುಣವಾಗುವ ಸೂಚನೆಯೆಂದು ಭಾವಿಸಬಾರದು. ಎರಡನೆಯದು ಉಣ್ಣಿ: ಮನೆಯಲ್ಲಿ ನಾಯಿ, ದನ, ಕುರಿಗಳಿವೆಯೇ, ಮಗುವಿನ ಮೈಮೇಲಿಂದ ಉಣ್ಣಿ ಕಿತ್ತದ್ದುಂಟೇ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಅಂಗೈ ಅಂಗಾಲಿಗೂ ದದ್ದು ಹರಡಿದ ಚುಕ್ಕೆಜ್ವರಕ್ಕೆ ಸೆಫ್ಟ್ರಯಾಕ್ಸೋನ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ಅದನ್ನು ವರದಿಗೆ ಕಾಯದೆ ಚಿಕ್ಕ ಮಕ್ಕಳಿಗೂ ಆರಂಭಿಸಲಾಗುತ್ತದೆ. ಉಣ್ಣಿಯ ಮಾತು ಬಾರದೆ ಹೋದರೆ ಆ ಔಷಧಿ ದಿನಗಟ್ಟಲೆ ತಡವಾಗುವ ಸಂಭವವಿದೆ.

ರೋಗ ಮೆನಿಂಗೊಕಾಕಸ್ ಎಂದು ಖಚಿತವಾದರೆ ಅಥವಾ ಬಲವಾದ ಶಂಕೆಯಿದ್ದರೆ, ಮಗುವಿನೊಂದಿಗೆ ಒಂದೇ ಮನೆಯಲ್ಲಿ ಮಲಗಿದ ಎಲ್ಲರೂ, ಆರೋಗ್ಯವಾಗಿದ್ದರೂ, ಸಾಧ್ಯವಾದಮಟ್ಟಿಗೆ 24 ಗಂಟೆಗಳೊಳಗೆ ತಡೆ ಔಷಧಿ ಪಡೆಯಬೇಕು. ದೊಡ್ಡವರಿಗೆ 500 ಮಿಲಿಗ್ರಾಂನ ಒಂದೇ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಸಾಕಾಗುತ್ತದೆ, ಗರ್ಭಿಣಿಯರಿಗೆ ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ನನ್ನು ಆಯ್ದುಕೊಳ್ಳುವುದುಂಟು. ಮನೆಯಲ್ಲಿ ಬಸುರಿಯಿದ್ದರೆ ಅದನ್ನು ವಾರ್ಡಿನ ವೈದ್ಯರಿಗೆ ಮೊದಲೇ ತಿಳಿಸಬೇಕು.