ಒಪ್ಪಂದದ ಕೊನೆಯ ಮೂರು ಸಾಲು

ಒಪ್ಪಂದ ಕೈಗೆ ಬಂದರೆ ನಾವು ಮೊದಲು ನೋಡೋದು ರೇಟು, ಆಮೇಲೆ ವಾರಂಟಿ. ಕೊನೆಯ ಪುಟಕ್ಕೆ ಬರೋ ಹೊತ್ತಿಗೆ ಪೆನ್ನು ಕೈಯಲ್ಲಿರುತ್ತದೆ.

ಸಿದ್ದಾಪುರದ ನಾಲ್ವರು ತೋಟದವರು ಸೇರಿ, ಊರವರ ಅಡಿಕೆಯನ್ನು ಬಾಡಿಗೆಗೆ ಸುಲಿದುಕೊಡಲು ಪುಣೆಯ ಕಂಪನಿಯೊಂದರಿಂದ 4 ಲಕ್ಷ ರೂಪಾಯಿಯ ಯಂತ್ರ ತರಿಸಿದರು ಎಂದಿಟ್ಟುಕೊಳ್ಳೋಣ. ಯಂತ್ರವನ್ನು ಸಿದ್ದಾಪುರದಲ್ಲೇ ಜೋಡಿಸಿ ಕೊಡಬೇಕೆಂಬ ಮಾತು. ಕೊನೆಕೊಯ್ಲಿನ ನಡುವೆ ಅದು ಕೆಟ್ಟು ನಿಂತಿತು, ಕಂಪನಿಯವರು ಫೋನ್ ಎತ್ತುತ್ತಿಲ್ಲ. ಕೊನೆಯ ಪುಟದಲ್ಲಿ ಹೀಗಿದೆ: ‘ಈ ಒಪ್ಪಂದಕ್ಕೆ ಭಾರತದ ಕಾನೂನು ಅನ್ವಯ. ವಿವಾದವನ್ನು ಕಂಪನಿಯ ಎಂಡಿ ನೇಮಿಸುವ ಆರ್ಬಿಟ್ರೇಟರ್ ತೀರ್ಮಾನಿಸತಕ್ಕದ್ದು, ಸೀಟ್ ಪುಣೆ. ಪುಣೆಯ ಕೋರ್ಟುಗಳಿಗೆ ಅಧಿಕಾರ.’

ಮೊದಲ ಸಾಲು ಯಾವ ದೇಶದ ಕಾನೂನಿನಿಂದ ಅಳೆಯಬೇಕು ಅಂತ ಹೇಳುತ್ತದೆ. ಇಬ್ಬರೂ ಇಲ್ಲಿಯವರೇ ಆದ್ದರಿಂದ ಇಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಜರ್ಮನಿಯ ಕಂಪನಿ ಆಗಿದ್ದರೆ ನೋಡಲೇಬೇಕಿತ್ತು.

ಎರಡನೆಯದೇ ನಿಜವಾದ ಗಂಟು. ನಮ್ಮವರು ಸಿದ್ದಾಪುರದ ಕೋರ್ಟಿಗೆ ಹೋದರೆ, ಕಂಪನಿ ತನ್ನ ಉತ್ತರ ಸಲ್ಲಿಸುವ ಮೊದಲೇ ಈ ಸಾಲನ್ನು ತೋರಿಸಬಹುದು. 1996ರ ಆರ್ಬಿಟ್ರೇಷನ್ ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋರ್ಟು ಆಗ ವಿವಾದವನ್ನು ಆರ್ಬಿಟ್ರೇಷನ್ನಿಗೆ ಕಳಿಸುತ್ತದೆ. ಒಂದು ಸಮಾಧಾನ: ಎಂಡಿ ತಾನೇ ಆರ್ಬಿಟ್ರೇಟರನ್ನು ನೇಮಿಸೋದು ನಡೆಯೋದಿಲ್ಲ. 2019ರ ಪರ್ಕಿನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿವಾದದ ಫಲಿತಾಂಶದಲ್ಲಿ ಆಸಕ್ತಿ ಇರುವವರು ಒಬ್ಬರೇ ನಿರ್ಣಾಯಕರನ್ನು ಆರಿಸುವಂತಿಲ್ಲ ಎಂದಿದೆ. ಹೆಸರಿನ ಮೇಲೆ ಇಬ್ಬರೂ ಒಪ್ಪದಿದ್ದರೆ ನೇಮಕಕ್ಕೆ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಆದರೆ ಸೀಟ್ ಪುಣೆ ಆಗಿದ್ದರಿಂದ ಅದು ಬಾಂಬೆ ಹೈಕೋರ್ಟು, ಧಾರವಾಡದ ಪೀಠ ಅಲ್ಲ! ಸೀಟ್ ಅಂದರೆ ಬರೇ ಕೂತು ಮಾತಾಡುವ ಜಾಗವಲ್ಲ, ಯಾವ ಕೋರ್ಟಿನ ಉಸ್ತುವಾರಿ ಅನ್ನೋದು. ಕೂರುವ ಜಾಗ ಶಿರಸಿಯೂ ಆಗಬಹುದು, ವಿಡಿಯೋ ಕರೆಯೂ ಆಗಬಹುದು. ಆರ್ಬಿಟ್ರೇಟರ ಫೀಸನ್ನು ಮಾತ್ರ ಸಾಮಾನ್ಯವಾಗಿ ಎರಡೂ ಕಡೆಯವರು ಮುಂಗಡ ಕಟ್ಟಬೇಕು. 4 ಲಕ್ಷದ ಜಗಳಕ್ಕೆ ಅದು ಭಾರವೇ.

ಮೂರನೇ ಸಾಲಿನಲ್ಲಿ ‘ಮಾತ್ರ’ ಅಂತಿಲ್ಲವಲ್ಲ, ಸಿದ್ದಾಪುರವೂ ನಡೆದೀತು ಅನ್ನಿಸಬಹುದು. ನಡೆಯೋದಿಲ್ಲ. 2013ರ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಒಪ್ಪಂದ ಕೋಲ್ಕತ್ತದ ಕೋರ್ಟನ್ನು ಹೆಸರಿಸಿತ್ತು, ‘ಮಾತ್ರ’ ಎಂಬ ಪದ ಇರಲಿಲ್ಲ. ಆದರೂ ಜೈಪುರದಲ್ಲಿ ಹಾಕಿದ ಅರ್ಜಿ ನಿಲ್ಲಲಿಲ್ಲ. ಒಂದೂರನ್ನು ಹೆಸರಿಸಿದರೆ ಉಳಿದ ಊರುಗಳನ್ನು ಬಿಟ್ಟಂತೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು.

ಹಾಗಾಗಿ ಚೌಕಾಸಿ ಮಾಡಬೇಕಾದದ್ದು ಸಹಿಗೆ ಮೊದಲು. ಎರಡನೇ, ಮೂರನೇ ಸಾಲುಗಳಲ್ಲಿ ‘ಪುಣೆ’ ತೆಗೆದು ‘ಶಿರಸಿ’ ಹಾಕಿಸಿದರೆ ಅಲ್ಲೇ ಆರ್ಬಿಟ್ರೇಷನ್ ನಡೆಯುತ್ತದೆ, ಹೈಕೋರ್ಟೂ ಕರ್ನಾಟಕದ್ದೇ. ಕಂಪನಿ ಒಪ್ಪದಿದ್ದರೆ ಆ ಎರಡೂ ಸಾಲನ್ನು ಪೂರ್ತಿ ಹೊಡೆಸಿಬಿಡಿ. ಒಂದನ್ನೇ ಹೊಡೆಸಿದರೆ ಇನ್ನೊಂದು ಕಾಲಿಗೆ ತೊಡರುತ್ತದೆ. ಎರಡೂ ಹೋದರೆ ಸಾಮಾನ್ಯ ನಿಯಮವೇ ಉಳಿಯುತ್ತದೆ: ಯಂತ್ರ ಕೊಟ್ಟದ್ದು, ಕೆಟ್ಟದ್ದು ಸಿದ್ದಾಪುರದಲ್ಲಿ, ದಾವೆಯೂ ಅಲ್ಲೇ. ಹೊಡೆದ ಜಾಗದ ಪಕ್ಕ ಇಬ್ಬರ ಸಹಿಯೂ ಇರಲಿ, ಎರಡೂ ಪ್ರತಿಗಳಲ್ಲಿ.