ಪಣಂಬೂರಿಗೆ ಹೊರಟ ತಮ್ಮ

ಹಳೇ ಹುಬ್ಬಳ್ಳಿಯ ಅಕ್ಕಾರಿಗೆ,

ನವಮಂಗಳೂರು ಬಂದರಿನ ಲ್ಯಾಶಿಂಗ್ ಕೆಲಸಕ್ಕೆ ಹೊರಟ ತಮ್ಮನ ವಿಷಯದಲ್ಲಿ ನೀವು ಸಮುದ್ರಕ್ಕೆ ಹೆದರಿದ್ದೀರಿ. ನಾನು ಮೊದಲು ಹೆದರುವುದು ಟ್ವಿಸ್ಟ್‌ಲಾಕ್‌ಗೆ, ಅಂದರೆ ಕಂಟೇನರಿನ ಮೂಲೆ ಹಿಡಿದಿಡುವ ಬೀಗಕ್ಕೆ. ಇಳಿಸುವಾಗ ಒಂದೇ ಒಂದು ಬಿಚ್ಚದೆ ಉಳಿದರೂ ಕಂಟೇನರ್ ವಾಲುತ್ತದೆ, ಇಲ್ಲವೇ ಕೆಳಗಿನದನ್ನೂ ಎಳೆದುಕೊಂಡು ಏಳುತ್ತದೆ. ಅದಕ್ಕೇ ಕ್ರೇನ್ ಗೇಣುದ್ದ ಎತ್ತಿ ನಿಲ್ಲಬೇಕು, ನಾಲ್ಕೂ ಮೂಲೆ ಬಿಟ್ಟಿವೆಯೇ ನೋಡಬೇಕು.

ಪಾಳಿಗೆ ಮುನ್ನ ಮೇಸ್ತ್ರಿ ಇಷ್ಟು ಹೇಳಲಿ: ಇವತ್ತು ಬಿಚ್ಚುವ ಸಾಲು ಯಾವುದು, ಪಕ್ಕದಲ್ಲಿ ಕ್ರೇನ್ ಓಡುತ್ತದೆಯೇ (ಓಡಿದರೆ ಅಲ್ಲಿ ಕೆಲಸವಿಲ್ಲ), ಸನ್ನೆ ಕೊಡುವ ಒಬ್ಬನು ಯಾರು. ‘ನಿಲ್ಲಿಸು’ ಎಂಬ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ಕ್ರೇನ್ ನಿಲ್ಲಬೇಕು. ಕೊನೆಗೆ, ಲೈಫ್‌ಬಾಯ್ ಎಲ್ಲಿದೆ ಎಂದೂ ಮೇಸ್ತ್ರಿ ಹೇಳಲಿ.

ಯಾರಾದರೂ ನೀರಿಗೆ ಬಿದ್ದರೆ ನಿಮ್ಮ ತಮ್ಮ ಕೂಗಿ, ಲೈಫ್‌ಬಾಯ್ ಎಸೆಯಲಿ; ಹಿಂದೆ ಹಾರದಿರಲಿ. ಉಣಕಲ್ ಕೆರೆಯ ಈಜು ಹಡಗಿಗೂ ಧಕ್ಕೆಗೂ ನಡುವೆ ನಡೆಯದು, ಅಲ್ಲಿ ಜಜ್ಜಿಹೋಗುತ್ತಾರೆ. ಅಂಚಿನಲ್ಲಿ ಲೈಫ್‌ಜಾಕೆಟ್ ಕಟ್ಟಿಯೇ ನಿಲ್ಲಲಿ.