ಜಾಹೀರಾತು ‘ಎಷ್ಟನೇ ಸ್ಥಾನ’ದಲ್ಲಿದೆ ಎಂದು ಕೇಳಬೇಡಿ, ಪಾಲೆಷ್ಟು ಎಂದು ನೋಡಿ

ಗೂಗಲ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕುವ ಅಂಗಡಿ, ಹೋಂಸ್ಟೇ, ಕೋಚಿಂಗ್ ಕೇಂದ್ರಗಳವರು ಮೊದಲು ಕೇಳುವುದು ‘ನಮ್ಮದು ಎಷ್ಟನೇ ಸ್ಥಾನದಲ್ಲಿ ಬರುತ್ತಿದೆ?’ ಎಂದು. ಬಹಳ ವರ್ಷ ಇದಕ್ಕೆ ಉತ್ತರ ಕೊಡುತ್ತಿದ್ದದ್ದು ‘ಸರಾಸರಿ ಸ್ಥಾನ’ ಎಂಬ ಅಂಕಿ. ಗೂಗಲ್ ಆ್ಯಡ್ಸ್ 2019ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ಕೈಬಿಟ್ಟಿತು. ಬದಲಿಗೆ ಓದಬೇಕಾದ ಅಂಕಿಗಳನ್ನು 2018ರ ನವೆಂಬರ್‌ನಲ್ಲೇ ಕೊಟ್ಟಿತ್ತು. ಅಂಕಿ ಹೋದರೂ ‘ಎರಡನೇ ಸ್ಥಾನ ಬಂದರೆ ಸಾಕು’ ಎಂಬ ಲೆಕ್ಕಾಚಾರ ಇನ್ನೂ ಹೋಗಿಲ್ಲ. ಅದರಿಂದ ಹಣ ಹೇಗೆ ತಪ್ಪು ಕಡೆ ಹರಿಯುತ್ತದೆ, ಅದರ ಬದಲು ಏನನ್ನು ಓದಬೇಕು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ.

ಸ್ಥಾನ 1 ಎಂದರೆ ಪುಟದ ಮೇಲ್ಭಾಗವಲ್ಲ

ಯಾರಾದರೂ ಗೂಗಲ್‌ನಲ್ಲಿ ಹುಡುಕಿದಾಗಲೆಲ್ಲ ಜಾಹೀರಾತುದಾರರ ನಡುವೆ ಒಂದು ಹರಾಜು ನಡೆಯುತ್ತದೆ. ಆ ಹರಾಜಿನಲ್ಲಿ ಉಳಿದ ಜಾಹೀರಾತುಗಳಿಗೆ ಹೋಲಿಸಿದರೆ ನಿಮ್ಮದು ಎಷ್ಟನೆಯದು ಎಂಬುದನ್ನು ಮಾತ್ರ ‘ಸ್ಥಾನ’ ಹೇಳುತ್ತಿತ್ತು. ಪುಟದಲ್ಲಿ ಎಲ್ಲಿ ಕಂಡಿತು ಎಂಬುದನ್ನು ಅದು ಹೇಳುತ್ತಿರಲಿಲ್ಲ.

ಪುಟದ ಮೇಲ್ಭಾಗಕ್ಕೆ ಏರಲು ಬಿಡ್ ಮತ್ತು ಜಾಹೀರಾತಿನ ಗುಣಮಟ್ಟ ಸೇರಿ ಒಂದು ಕನಿಷ್ಠ ಮಟ್ಟ ದಾಟಬೇಕು. ಯಾರೂ ಅದನ್ನು ದಾಟದಿದ್ದರೆ ಮೇಲೆ ಜಾಹೀರಾತೇ ಇರುವುದಿಲ್ಲ. ಆಗ ಹರಾಜಿನಲ್ಲಿ ಮೊದಲು ಬಂದ ಜಾಹೀರಾತು ಎಲ್ಲ ಉಚಿತ ಫಲಿತಾಂಶಗಳ ಕೆಳಗೆ, ಪುಟದ ಬುಡದಲ್ಲಿ ಕಾಣಿಸಬಹುದು. ವರದಿಯಲ್ಲಿ ಮಾತ್ರ ‘1’ ಎಂದೇ ಬರುತ್ತಿತ್ತು.

ಬಿಡ್ ಏರಿಸಿದರೆ ಸರಾಸರಿ ಕೆಡುವುದೇಕೆ?

ಸರಾಸರಿಯ ದೊಡ್ಡ ದೋಷ ಬೇರೆಯೇ ಇತ್ತು. ಜಾಹೀರಾತು ಕಾಣಿಸಿಕೊಂಡ ಹರಾಜುಗಳನ್ನಷ್ಟೇ ಅದು ಎಣಿಸುತ್ತಿತ್ತು. ಕಾಣಿಸದೇ ಹೋದವು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಸಕಲೇಶಪುರದ ಒಂದು ಹೋಂಸ್ಟೇಯ ಜಾಹೀರಾತನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ. ಮೊದಲ ವಾರ ಬಿಡ್ 15 ರೂಪಾಯಿ. ಜಾಹೀರಾತು 400 ಸಲ ಕಂಡಿತು, ಸರಾಸರಿ ಸ್ಥಾನ 1.5. ಪೈಪೋಟಿ ಕಡಿಮೆ ಇದ್ದ ಹುಡುಕಾಟಗಳಲ್ಲಿ ಮಾತ್ರ ಕಂಡದ್ದರಿಂದ ಅಂಕಿ ಚೆನ್ನಾಗಿತ್ತು. ಎರಡನೇ ವಾರ ಬಿಡ್ 25 ರೂಪಾಯಿಗೆ ಏರಿತು. ಆ 400 ಹುಡುಕಾಟಗಳಲ್ಲಿ ಸ್ಥಾನ 1.2ಕ್ಕೆ ಸುಧಾರಿಸಿತು. ಜೊತೆಗೆ, ಹಿಂದಿನ ವಾರ ಕಾಣಿಸಿಕೊಳ್ಳಲೂ ಆಗದಿದ್ದ 600 ಹುಡುಕಾಟಗಳಲ್ಲಿ ಮೂರನೇ ಸ್ಥಾನ ಸಿಕ್ಕಿತು. ಈಗ ಒಟ್ಟು ಸರಾಸರಿ:

```
(400 × 1.2 + 600 × 3) ÷ 1000 = 2.28
```

ಎಲ್ಲ ಕಡೆ ಸುಧಾರಿಸಿದ್ದರೂ ಸ್ಥಾನ 1.5ರಿಂದ 2.28ಕ್ಕೆ ಇಳಿದಂತೆ ಕಾಣುತ್ತದೆ. ಇದನ್ನು ನೋಡಿ ಗಾಬರಿಯಾಗಿ ಬಿಡ್ ಇಳಿಸಿದರೆ ಆ 600 ಹುಡುಕಾಟಗಳು ಕೈತಪ್ಪುತ್ತವೆ, ಸರಾಸರಿ ಮತ್ತೆ ‘ಸುಧಾರಿಸುತ್ತದೆ’. ನಷ್ಟವನ್ನು ಲಾಭವೆಂದು ತೋರಿಸುವ ಅಂಕಿಯನ್ನು ನಂಬಿ ತೀರ್ಮಾನ ಮಾಡಬಾರದು.

ಹಂತ 1: ಸರಿಯಾದ ಕಾಲಂಗಳನ್ನು ತೆರೆಯಿರಿ

ಗೂಗಲ್ ಆ್ಯಡ್ಸ್‌ನ ಕ್ಯಾಂಪೇನ್ ಪಟ್ಟಿಯಲ್ಲಿ `Columns` ಒತ್ತಿ, `Modify columns` ಆರಿಸಿ, ಹುಡುಕು ಪೆಟ್ಟಿಗೆಯಲ್ಲಿ ಹೆಸರು ಬರೆದು ಈ ನಾಲ್ಕನ್ನು ಸೇರಿಸಿ:

- `Impr. (Top) %`
- `Search top IS`
- `Search lost top IS (rank)`
- `Search lost top IS (budget)`

ಬಜೆಟ್‌ನಿಂದಾದ ನಷ್ಟ ಕ್ಯಾಂಪೇನ್ ಮಟ್ಟದಲ್ಲಿ ಮಾತ್ರ ಸಿಗುತ್ತದೆ. ಕೀವರ್ಡ್ ಪಟ್ಟಿಯಲ್ಲಿ ಅದನ್ನು ಹುಡುಕಬೇಡಿ.

ಹಂತ 2: ಎರಡು ಶೇಕಡಾವಾರುಗಳನ್ನು ಬೇರೆ ಬೇರೆಯಾಗಿ ಓದಿ

`Impr. (Top) %` ಎಂದರೆ ನಿಮ್ಮ ಜಾಹೀರಾತು ಕಂಡ ಒಟ್ಟು ಸಲಗಳಲ್ಲಿ ಶೇಕಡ ಎಷ್ಟು ಮೇಲ್ಭಾಗದಲ್ಲಿ ಕಂಡಿತು ಎಂಬುದು. `Search top IS` ಎಂದರೆ ಮೇಲ್ಭಾಗದಲ್ಲಿ ಕಾಣಲು ನಿಮಗಿದ್ದ ಒಟ್ಟು ಅವಕಾಶಗಳಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದು. ಆ ಒಟ್ಟು ಅವಕಾಶವನ್ನು ಗೂಗಲ್ ಅಂದಾಜು ಮಾಡುತ್ತದೆ.

ನಮ್ಮ ಹೋಂಸ್ಟೇಗೆ ಎರಡೂ ವಾರ ಮೇಲ್ಭಾಗದ ಅವಕಾಶ 2,000 ಇತ್ತೆಂದುಕೊಳ್ಳಿ. ಮೊದಲ ವಾರ ಕಂಡ 400ರಲ್ಲಿ 320 ಮೇಲ್ಭಾಗದಲ್ಲಿ. ಎರಡನೇ ವಾರ 1,000ದಲ್ಲಿ 560 ಮೇಲ್ಭಾಗದಲ್ಲಿ.

```
Impr. (Top) %:   320/400  = 80%   →   560/1000 = 56%
Search top IS:   320/2000 = 16%   →   560/2000 = 28%
```

ಮೊದಲ ಸಾಲು ಇಳಿದಿದೆ, ಎರಡನೆಯದು ಏರಿದೆ. `Impr. (Top) %` ನಿಮ್ಮ ಜಾಹೀರಾತು ಪುಟದ ಯಾವ ಭಾಗದಲ್ಲಿತ್ತು ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಅದೂ ಕಂಡ ಸಲಗಳನ್ನಷ್ಟೇ ಎಣಿಸುವುದರಿಂದ ಸರಾಸರಿ ಸ್ಥಾನದ ದೋಷ ಅದಕ್ಕೂ ಅಂಟಿಕೊಂಡಿದೆ. ಬಿಡ್ ಏರಿಸಬೇಕೋ ಬೇಡವೋ ಎಂದು ನಿರ್ಧರಿಸುವಾಗ ಓದಬೇಕಾದದ್ದು `Search top IS`.

ಹಂತ 3: ಉಳಿದ ಪಾಲು ಎಲ್ಲಿ ಹೋಯಿತು?

ಶೇ 28 ಸಿಕ್ಕಿತು, ಉಳಿದ ಶೇ 72 ಏನಾಯಿತು? `rank` ಎಂದಿರುವ ಕಾಲಂ ಬಿಡ್ ಅಥವಾ ಗುಣಮಟ್ಟ ಸಾಲದೆ ಕಳೆದುಕೊಂಡದ್ದನ್ನು ಹೇಳುತ್ತದೆ. `budget` ಎಂದಿರುವುದು ಬಜೆಟ್ ಸಾಲದೆ ಹೋದದ್ದನ್ನು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಎರಡನೇ ವಾರ `rank` ನಷ್ಟ ಶೇ 30, `budget` ನಷ್ಟ ಶೇ 42 ಎಂದಿದ್ದರೆ ಬಿಡ್ಡನ್ನು ಇನ್ನೂ ಏರಿಸುವುದು ತಪ್ಪು. ಪ್ರತಿ ಕ್ಲಿಕ್ಕಿಗೆ ಹೆಚ್ಚು ಹಣ ಹೋಗಿ, ಬಜೆಟ್ ಇನ್ನೂ ಬೇಗ ಮುಗಿಯುತ್ತದೆ. ಬಜೆಟ್ ಹೆಚ್ಚಿಸಲು ಆಗದಿದ್ದರೆ ವ್ಯಾಪ್ತಿಯನ್ನು ಕಿರಿದಾಗಿಸಿ. ಅತಿಥಿಗಳು ಹೆಚ್ಚಾಗಿ ಬರುವ ಊರುಗಳನ್ನು ಮಾತ್ರ ಉಳಿಸಿ, ಕೊಠಡಿ ಕಾಯ್ದಿರಿಸುವ ಉದ್ದೇಶವಿಲ್ಲದ ಹುಡುಕಾಟಗಳನ್ನು ನೆಗೆಟಿವ್ ಕೀವರ್ಡ್‌ಗಳಿಂದ ತಡೆಯಿರಿ.

`rank` ನಷ್ಟವೇ ಹೆಚ್ಚಿದ್ದರೆ ಮೊದಲು ಜಾಹೀರಾತಿನ ಸಾಲುಗಳು ಹುಡುಕಿದ ಪದಕ್ಕೆ ಹೊಂದುತ್ತವೆಯೇ, ಕ್ಲಿಕ್ ಮಾಡಿದಾಗ ತೆರೆಯುವ ಪುಟದಲ್ಲಿ ಬೇಕಾದ ಮಾಹಿತಿ ಇದೆಯೇ ಎಂದು ನೋಡಿ. ಬಿಡ್ ಏರಿಸುವುದು ಆಮೇಲೆ.

ಹಂತ 4: ಮೇಲ್ಭಾಗ ಲಾಭ ತರುತ್ತಿದೆಯೇ ಪರೀಕ್ಷಿಸಿ

ಮೇಲ್ಭಾಗದಲ್ಲಿ ಕ್ಲಿಕ್ ಹೆಚ್ಚು ಬರುತ್ತವೆ. ಆದರೆ ಕ್ಲಿಕ್ ಮಾಡಿದವರಲ್ಲಿ ಎಷ್ಟು ಮಂದಿ ಗ್ರಾಹಕರಾಗುತ್ತಾರೆ ಎಂಬ ಪ್ರಮಾಣ ಸ್ಥಾನಕ್ಕೆ ತಕ್ಕಂತೆ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಗೂಗಲ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಹಾಲ್ ವೇರಿಯನ್ 2009ರಲ್ಲೇ ಬರೆದಿದ್ದರು. ಹಾಗಾಗಿ `Segment` ಒತ್ತಿ `Top vs. other` ಆರಿಸಿ, ಮೇಲ್ಭಾಗ ಮತ್ತು ಉಳಿದ ಜಾಗಗಳಿಂದ ಬಂದ ಒಂದೊಂದು ಬುಕಿಂಗ್‌ಗೆ ಎಷ್ಟು ಖರ್ಚಾಯಿತು ಎಂದು ಹೋಲಿಸಿ. ಕೆಳಗಿನಿಂದ ಬಂದ ಬುಕಿಂಗ್ ಅಗ್ಗವಾಗಿದ್ದರೆ ಮೇಲ್ಭಾಗಕ್ಕಾಗಿ ಹಟ ಹಿಡಿಯಬೇಕಿಲ್ಲ. ಒಂದೆರಡು ಬುಕಿಂಗ್ ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ವಾರಗಳ ಲೆಕ್ಕ ಕೂಡಿಸಿ.

ಓದುವಾಗ ಎಚ್ಚರ

ಪಾಲು ಶೇ 10ಕ್ಕಿಂತ ಕಡಿಮೆಯಿದ್ದರೆ ಪರದೆಯಲ್ಲಿ `< 10%` ಎಂದಷ್ಟೇ ಬರುತ್ತದೆ. 9 ಇದ್ದದ್ದು 3ಕ್ಕೆ ಇಳಿದರೂ ಗೊತ್ತಾಗುವುದಿಲ್ಲ. ಅಂಥ ಕ್ಯಾಂಪೇನ್‌ನ ವ್ಯಾಪ್ತಿಯನ್ನು ಮೊದಲು ಕಿರಿದಾಗಿಸಬೇಕು.

ಪಾಲನ್ನು ತಾನಾಗಿಯೇ ಕಾಯ್ದುಕೊಳ್ಳುವ `Target impression share` ಎಂಬ ಬಿಡ್ ವಿಧಾನ ಆರಿಸಿದರೆ ಕ್ಲಿಕ್ಕಿಗೆ ಗರಿಷ್ಠ ಎಷ್ಟು ಎಂಬ ಮಿತಿಯನ್ನು ಕಡ್ಡಾಯವಾಗಿ ಹಾಕಿ. ಅದರ ಗುರಿ ಜಾಗ ಹಿಡಿಯುವುದಷ್ಟೇ, ಬುಕಿಂಗ್ ತರುವುದಲ್ಲ.

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಇಂದಿಗೂ ಕಾಣುವ `Average position` ಉಚಿತ ಫಲಿತಾಂಶಗಳದ್ದು, ಜಾಹೀರಾತಿನದ್ದಲ್ಲ. ಎರಡನ್ನೂ ಬೆರೆಸಬೇಡಿ. ಅಲ್ಲಿಯೂ ಹೊಸ ಹುಡುಕಾಟಗಳಲ್ಲಿ ಕಾಣಿಸಿಕೊಳ್ಳಲು ಶುರುವಾದಾಗ ಸರಾಸರಿ ಕೆಡುವುದುಂಟು. ಅದರ ಜೊತೆ ಒಟ್ಟು ಎಷ್ಟು ಸಲ ಕಂಡಿತು ಎಂಬುದನ್ನೂ ಓದಿ.

ಮುಂದಿನ ಸಲ ಏಜೆನ್ಸಿಯವರು ವರದಿ ತಂದಾಗ ಮೂರು ಪ್ರಶ್ನೆ ಕೇಳಿ: ಮೇಲ್ಭಾಗದ ಅವಕಾಶಗಳಲ್ಲಿ ನಮಗೆ ಸಿಕ್ಕ ಪಾಲೆಷ್ಟು? ಸಿಗದೇ ಹೋದದ್ದು ಬಜೆಟ್‌ನಿಂದಲೋ, ಬಿಡ್ ಮತ್ತು ಗುಣಮಟ್ಟದಿಂದಲೋ? ಮೇಲ್ಭಾಗದಿಂದ ಬಂದ ಒಬ್ಬ ಗ್ರಾಹಕನಿಗೆ ತಗುಲಿದ ಖರ್ಚೆಷ್ಟು? ಈ ಮೂರಕ್ಕೆ ಉತ್ತರ ಸಿಗುವವರೆಗೆ ಬಿಡ್ ಬದಲಿಸಲು ಒಪ್ಪಬೇಡಿ.